ಉಪಗ್ರಹದ ಬೆನ್ನುಹತ್ತುವ ಆಂಟೆನಾ: ಲೀಡ್ ಹಾಕೋಣವೇ, ಲ್ಯಾಗ್ ಹಾಕೋಣವೇ?

ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋ ಸಂಸ್ಥೆಯ ಇಸ್ಟ್ರ್ಯಾಕ್ ಇದೆ. ಉಪಗ್ರಹಗಳ ಮೇಲೆ ನೆಲದಿಂದ ಕಣ್ಣಿಟ್ಟು, ಅವುಗಳಿಗೆ ಆದೇಶ ಕಳಿಸಿ, ಅವು ಕಳಿಸಿದ್ದನ್ನು ಕೇಳಿಸಿಕೊಳ್ಳುವುದು ಅಲ್ಲಿನ ದಿನನಿತ್ಯದ ಕೆಲಸ. ಐನೂರು, ಆರುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಒಂದು ನೆಲೆಯ ಆಕಾಶದಲ್ಲಿ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ ಇರುತ್ತದೆ. ಒಂದು ದಿಗಂತದಲ್ಲಿ ಮೂಡಿ, ನೆತ್ತಿಯ ಹತ್ತಿರ ಹಾಯ್ದು, ಇನ್ನೊಂದು ದಿಗಂತದಲ್ಲಿ ಮುಳುಗುತ್ತದೆ. ಅಷ್ಟೂ ಹೊತ್ತು ಆಂಟೆನಾದ ತಟ್ಟೆ ಅದರ ಕಡೆಗೇ ಮುಖ ಮಾಡಿರಬೇಕು. ಉಪಗ್ರಹ ನೆತ್ತಿಗೆ ಬಂದಾಗ ತಟ್ಟೆ ಸೆಕೆಂಡಿಗೆ ಒಂದು ಡಿಗ್ರಿಯಂತೆ, ಕೆಲವೊಮ್ಮೆ ಅದಕ್ಕೂ ಬೇಗ ತಿರುಗಬೇಕಾಗುತ್ತದೆ.

ಎಷ್ಟು ನಿಖರವಾಗಿ ತಿರುಗಬೇಕು? ಹನ್ನೊಂದು ಮೀಟರ್ ಅಡ್ಡಳತೆಯ ತಟ್ಟೆಯನ್ನು ತೆಗೆದುಕೊಳ್ಳಿ. ಉಪಗ್ರಹ ಸಂಪರ್ಕಕ್ಕೆ ಬಳಸುವ ಎಸ್ ಬ್ಯಾಂಡಿನಲ್ಲಿ, ಅಂದರೆ ಸುಮಾರು 2.2 ಗಿಗಾಹರ್ಟ್ಸ್‌ನಲ್ಲಿ, ಅದರ ಕಿರಣದ ಅಗಲ ಒಂದು ಡಿಗ್ರಿಗಿಂತ ಕಡಿಮೆ. ಉಪಗ್ರಹದಿಂದ ತಟ್ಟೆಯ ದಿಕ್ಕು ಎಡಕ್ಕೋ ಬಲಕ್ಕೋ ಸುಮಾರು 0.4 ಡಿಗ್ರಿ ಜಾರಿದರೆ ಸಂಕೇತದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದು ಡಿಗ್ರಿ ಜಾರಿದರೆ ಸಂಪರ್ಕವೇ ತಪ್ಪಬಹುದು.

ಇಷ್ಟು ನಿಖರವಾಗಿ ತಟ್ಟೆಯನ್ನು ತಿರುಗಿಸುವ ಕೆಲಸ ಫೀಡ್‌ಬ್ಯಾಕ್ ವ್ಯವಸ್ಥೆಯದು. ತಟ್ಟೆ ಎಲ್ಲಿರಬೇಕು ಮತ್ತು ಈಗ ಎಲ್ಲಿದೆ ಎಂಬುದರ ನಡುವಿನ ವ್ಯತ್ಯಾಸವನ್ನು ಅಳೆದು, ಅದನ್ನು ಕೆಲವು ಪಟ್ಟು ಹೆಚ್ಚಿಸಿ ಮೋಟರಿಗೆ ಕೊಡುತ್ತಾರೆ. ಎಷ್ಟು ಪಟ್ಟು ಎಂಬುದೇ ಗೇನ್. ತೊಡಕು ಶುರುವಾಗುವುದೂ ಅಲ್ಲೇ. ಗೇನ್ ಕಡಿಮೆಯಿದ್ದರೆ ತಟ್ಟೆ ಉಪಗ್ರಹದಿಂದ ಹಿಂದೆ ಬೀಳುತ್ತದೆ, ಹೆಚ್ಚಿದ್ದರೆ ಓಲಾಡತೊಡಗುತ್ತದೆ. ಈ ಎರಡರ ನಡುವೆ ದಾರಿ ಮಾಡಿಕೊಡಲು ಹಾಕುವ ಪುಟ್ಟ ಸರ್ಕ್ಯೂಟು, ಅಥವಾ ಇಂದಿನ ದಿನಗಳಲ್ಲಿ ನಾಲ್ಕು ಸಾಲಿನ ಪ್ರೋಗ್ರಾಮು, ಕಾಂಪೆನ್ಸೇಟರ್. ಅದರಲ್ಲಿ ಲೀಡ್ ಮತ್ತು ಲ್ಯಾಗ್ ಎಂಬ ಎರಡು ಬಗೆ. ಪರೀಕ್ಷೆಗೆ ಓದುವಾಗ ಇವು ಎರಡು ಬೇರೆ ಬೇರೆ ಪಾಠಗಳಂತೆ ಕಾಣುತ್ತವೆ. ಆದರೆ ಒಂದೇ ಯಂತ್ರಕ್ಕೆ ಎರಡನ್ನೂ ಹಾಕಿ ನೋಡದೆ ಇವುಗಳ ಸ್ವಭಾವ ತಿಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ. ಹಾಗಾಗಿ ಇಲ್ಲಿ ಅದನ್ನೇ ಮಾಡೋಣ.

ಮೋಟರು ಮತ್ತು ತಟ್ಟೆ ಸೇರಿದ ವ್ಯವಸ್ಥೆಯನ್ನು ಆದಷ್ಟು ಸರಳ ಮಾಡಿ ಹೀಗೆ ಬರೆಯೋಣ. ಇದು ಯಾವುದೇ ಒಂದು ಆಂಟೆನಾದ ನಿಜವಾದ ಲೆಕ್ಕವಲ್ಲ, ಆದರೆ ಸ್ವಭಾವ ಅಂಥದ್ದೇ.

G(s) = 10 / ( s (s + 1) )

ಕೆಳಗಿರುವ s ಹೇಳುವುದು ಇಷ್ಟು: ಮೋಟರಿಗೆ ಸಂಕೇತ ಕೊಟ್ಟರೆ ಅದು ಒಂದು ವೇಗದಲ್ಲಿ ತಿರುಗುತ್ತಲೇ ಇರುತ್ತದೆ, ಹಾಗಾಗಿ ಕೋನ ಕೂಡುತ್ತಾ ಹೋಗುತ್ತದೆ. (s + 1) ಹೇಳುವುದು, ಭಾರವಾದ ತಟ್ಟೆ ಆ ವೇಗಕ್ಕೆ ಬರಲು ಸುಮಾರು ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದು. ಮೇಲಿನ 10 ನಾವು ಇಟ್ಟ ಗೇನ್. ಅದಕ್ಕೊಂದು ನೇರವಾದ ಅರ್ಥವಿದೆ: ಉಪಗ್ರಹ ಸೆಕೆಂಡಿಗೆ ಒಂದು ಡಿಗ್ರಿಯಂತೆ ಸಾಗುತ್ತಿದ್ದರೆ ತಟ್ಟೆ ಅದಕ್ಕಿಂತ ಹತ್ತನೇ ಒಂದು ಡಿಗ್ರಿ ಹಿಂದೆ ಇರುತ್ತದೆ. 0.1 ಡಿಗ್ರಿ ನಮಗೆ ಸಾಕು. ಅಂದರೆ ನಿಧಾನವಾದ ಚಲನೆಗೆ, ಕೆಳ ಆವರ್ತನದಲ್ಲಿ, ಗೇನ್ 10 ಇರಲೇಬೇಕು. ಇದನ್ನು ಬಿಟ್ಟುಕೊಡುವಂತಿಲ್ಲ.

ಈಗ ಈ ವ್ಯವಸ್ಥೆಗೆ ‘ಒಂದು ಡಿಗ್ರಿ ತಿರುಗು’ ಎಂದು ಆದೇಶ ಕೊಟ್ಟರೆ ಏನಾಗುತ್ತದೆ? ತಟ್ಟೆ ಒಂದು ಡಿಗ್ರಿಗೆ ನಿಲ್ಲದೆ 1.6 ಡಿಗ್ರಿಯವರೆಗೆ ಓಡುತ್ತದೆ. ಅಲ್ಲಿಂದ ವಾಪಸು ಬರುತ್ತದೆ, ಮತ್ತೆ ದಾಟುತ್ತದೆ. ಎರಡು ಸೆಕೆಂಡಿಗೊಂದರಂತೆ ಓಲಾಡಿ, ಸುಮಾರು ಎಂಟು ಸೆಕೆಂಡ್ ಕಳೆದ ಮೇಲೆ ಸುಸ್ತಾಗಿ ನಿಲ್ಲುತ್ತದೆ. ಟನ್ನುಗಟ್ಟಲೆ ತೂಕದ ಉಕ್ಕು ಹೀಗೆ ಓಲಾಡಿದರೆ ಗೇರುಗಳ ಹಲ್ಲು ಉಳಿಯುವುದಿಲ್ಲ.

ಓಲಾಟದ ಕಾರಣ ತಡ. ಜೋಕಾಲಿ ಆಡುವ ಮಗುವನ್ನು ನಿಲ್ಲಿಸಬೇಕೆಂದರೆ ಅದು ನಮ್ಮ ಕಡೆ ಬರುವಾಗ ತಡೆಯಬೇಕು. ಅರ್ಧ ಸುತ್ತು ತಡವಾಗಿ, ಅದು ಹಿಂದಿರುಗಿ ಹೋಗುವಾಗ ಅದೇ ಕೈ ತಗುಲಿದರೆ ತಡೆಯಬೇಕಾದ ಕೈಯೇ ತಳ್ಳುತ್ತದೆ. ಅರ್ಧ ಸುತ್ತು ಅಂದರೆ 180 ಡಿಗ್ರಿ. ಫೀಡ್‌ಬ್ಯಾಕಿನಲ್ಲಿ ಯಾವ ಆವರ್ತನದಲ್ಲಿ ಗೇನ್ ಸರಿಯಾಗಿ 1 ಆಗಿರುತ್ತದೋ ಅದನ್ನು ಕ್ರಾಸ್‌ಓವರ್ ಆವರ್ತನ ಅನ್ನುತ್ತಾರೆ. ಆ ಆವರ್ತನದಲ್ಲಿ ತಡ 180 ಡಿಗ್ರಿಯನ್ನು ಮುಟ್ಟಿಬಿಟ್ಟರೆ ಓಲಾಟ ಎಂದೂ ನಿಲ್ಲುವುದಿಲ್ಲ. ಮುಟ್ಟಲು ಇನ್ನೂ ಎಷ್ಟು ಡಿಗ್ರಿ ಉಳಿದಿದೆ ಎಂಬುದೇ ಫೇಸ್ ಮಾರ್ಜಿನ್. ನಲವತ್ತೈದರಿಂದ ಅರವತ್ತು ಡಿಗ್ರಿ ಇದ್ದರೆ ಯಂತ್ರ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ.

ನಮ್ಮ ಯಂತ್ರದ ಲೆಕ್ಕ ಕಷ್ಟವೇನಲ್ಲ. ω ಎಂಬ ಆವರ್ತನದಲ್ಲಿ ಇದರ ಗೇನ್ 10 / (ω√(ω² + 1)). ತಡ 90 ಡಿಗ್ರಿಯ ಜೊತೆಗೆ tan⁻¹ω. ಗೇನ್ 1 ಆಗುವುದು ω = 3.08 ಇದ್ದಾಗ (ಅಳತೆ ಸೆಕೆಂಡಿಗೆ ರೇಡಿಯನ್, 6.28 ರೇಡಿಯನ್ ಆದರೆ ಒಂದು ಪೂರ್ತಿ ಓಲಾಟ). ಅಲ್ಲಿ ತಡ 90 + 72 = 162 ಡಿಗ್ರಿ. ಉಳಿದದ್ದು 18 ಡಿಗ್ರಿ ಮಾತ್ರ. ಎಂಟು ಸೆಕೆಂಡಿನ ಓಲಾಟಕ್ಕೆ ಈ ಹದಿನೆಂಟೇ ಕಾರಣ.

ಇದನ್ನು ಸರಿಪಡಿಸಲು ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಗೇನ್ ತಗ್ಗಿಸುವುದು. ಹತ್ತನ್ನು 0.855ಕ್ಕೆ ಇಳಿಸಿದರೆ ಕ್ರಾಸ್‌ಓವರ್ 0.7ಕ್ಕೆ ಬರುತ್ತದೆ, ಫೇಸ್ ಮಾರ್ಜಿನ್ 55 ಡಿಗ್ರಿಗೆ ಏರುತ್ತದೆ. ಓಲಾಟ ಹೋಯಿತು. ಆದರೆ ಸೆಕೆಂಡಿಗೆ ಒಂದು ಡಿಗ್ರಿಯಂತೆ ಸಾಗುವ ಉಪಗ್ರಹದಿಂದ ತಟ್ಟೆ ಈಗ 1.17 ಡಿಗ್ರಿ ಹಿಂದೆ ಬೀಳುತ್ತದೆ. ಅಂದರೆ ಉಪಗ್ರಹ ಕಿರಣದ ಹೊರಗೆ. ಬರೀ ಗೇನ್ ತಿರುವಿ ಈ ಸಮಸ್ಯೆ ಬಗೆಹರಿಯುವುದಿಲ್ಲ.

ಬಗೆಹರಿಸುವ ದಾರಿ ತೋರಿದವರಲ್ಲಿ ಮುಖ್ಯರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಹೆಂಡ್ರಿಕ್ ಬೋಡೆ. ದೂರದ ಟೆಲಿಫೋನ್ ತಂತಿಗಳ ಆಂಪ್ಲಿಫೈಯರುಗಳಿಗೆ ನೆಗೆಟಿವ್ ಫೀಡ್‌ಬ್ಯಾಕ್ ಹಾಕುವ ಉಪಾಯ 1927ರಲ್ಲಿ ಅಲ್ಲಿಯೇ ಹೆರಾಲ್ಡ್ ಬ್ಲ್ಯಾಕ್ ಅವರಿಗೆ ಹೊಳೆದಿತ್ತು. ಆ ಆಂಪ್ಲಿಫೈಯರುಗಳು ತಾವೇ ತಾವಾಗಿ ಸಿಳ್ಳೆ ಹಾಕತೊಡಗಿದಾಗ ಕಾರಣ ಹುಡುಕಬೇಕಾಯಿತು. 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಸ್ಥಿರತೆಯ ನಿಯಮ ಕೊಟ್ಟರು. ಬೋಡೆ ಅದನ್ನು ಎಂಜಿನಿಯರುಗಳು ಕಾಗದದ ಮೇಲೆ ಸ್ಕೇಲ್ ಇಟ್ಟು ಎಳೆಯಬಹುದಾದ ಗೆರೆಗಳಾಗಿ ಮಾಡಿದರು. 1945ರಲ್ಲಿ ಅವರ ಪುಸ್ತಕ ಬಂತು. ಅದರಲ್ಲಿರುವ ಒಂದು ಸಂಗತಿಯನ್ನು ಹಿಡಿದುಕೊಂಡರೆ ಲೀಡ್, ಲ್ಯಾಗ್ ಎರಡೂ ಅರ್ಥವಾಗುತ್ತವೆ.

ಅದು ಇಷ್ಟು: ಸಾಮಾನ್ಯ ವ್ಯವಸ್ಥೆಗಳಲ್ಲಿ ಗೇನ್ ಮತ್ತು ತಡ ಬೇರೆ ಬೇರೆಯಾಗಿ ನಮ್ಮ ಕೈಗೆ ಸಿಗುವುದಿಲ್ಲ. ಆವರ್ತನ ಏರಿದಂತೆ ಗೇನ್ ಎಷ್ಟು ಕಡಿದಾಗಿ ಇಳಿಯುತ್ತದೋ ತಡ ಅಷ್ಟು ಹೆಚ್ಚು. ಆವರ್ತನ ಹತ್ತು ಪಟ್ಟಾದಾಗ ಗೇನ್ ಹತ್ತನೇ ಒಂದಾದರೆ ತಡ ಸುಮಾರು 90 ಡಿಗ್ರಿ. ನೂರನೇ ಒಂದಾದರೆ 180 ಡಿಗ್ರಿ. ನಮ್ಮ ಯಂತ್ರದಲ್ಲಿ ω = 1 ದಾಟುವವರೆಗೆ ಇಳಿಜಾರು ಮೊದಲ ಬಗೆಯದು, ದಾಟಿದ ಮೇಲೆ ಎರಡನೆಯದು. ಕ್ರಾಸ್‌ಓವರ್ 3.08 ಬಿದ್ದಿರುವುದು ಕಡಿದಾದ ಭಾಗದಲ್ಲಿ. ತೊಂದರೆಯ ಬೇರು ಇದೇ.

ಪರಿಹಾರವೂ ಇಲ್ಲಿಂದಲೇ ಹೊರಡುತ್ತದೆ. ಕ್ರಾಸ್‌ಓವರ್ ಇರುವ ಕಡೆ ಇಳಿಜಾರನ್ನು ಸೌಮ್ಯ ಮಾಡಬಹುದು, ಅದು ಲೀಡ್. ಇಲ್ಲವೇ ಇಳಿಜಾರು ಮೊದಲೇ ಸೌಮ್ಯವಾಗಿರುವ ಜಾಗಕ್ಕೆ ಕ್ರಾಸ್‌ಓವರನ್ನು ಒಯ್ಯಬಹುದು, ಅದು ಲ್ಯಾಗ್. ಲ್ಯಾಗ್ ಫೇಸ್ ಕೊಡುತ್ತದೆ ಎಂದು ಎಷ್ಟೋ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಅದು ಕೊಡುವುದಿಲ್ಲ, ತುಸು ಕಳೆಯುತ್ತದೆ. ಇರುವ ಫೇಸನ್ನು ಬಳಸಿಕೊಳ್ಳುವ ಜಾಗಕ್ಕೆ ನಮ್ಮನ್ನು ಕರೆದೊಯ್ಯುತ್ತದೆ.

ಮೊದಲು ಲೀಡ್. ಬೇಕಾದದ್ದು ಕನಿಷ್ಠ 45 ಡಿಗ್ರಿ, ಇರುವುದು 18. ಕೊರತೆ 27. ಆದರೆ ಸರಿಯಾಗಿ 27 ಕೊಟ್ಟರೆ ಸಾಲದು. ಲೀಡ್ ಇಳಿಜಾರನ್ನು ಸೌಮ್ಯ ಮಾಡುವಾಗ ಗೇನನ್ನು ಮೇಲೆತ್ತುತ್ತದೆ, ಹಾಗಾಗಿ ಕ್ರಾಸ್‌ಓವರ್ ಮುಂದಕ್ಕೆ ಸರಿಯುತ್ತದೆ, ಅಲ್ಲಿ ಯಂತ್ರದ ತಡ ಇನ್ನಷ್ಟು ಹೆಚ್ಚು. ಇದಕ್ಕಾಗಿ ಹತ್ತು ಡಿಗ್ರಿ ಹೆಚ್ಚಿಗೆ ಹಿಡಿದು 37 ಡಿಗ್ರಿ ಅನ್ನೋಣ.

ಲೀಡ್ ಕಾಂಪೆನ್ಸೇಟರಿನ ರೂಪ (1 + s/z) / (1 + s/p). ಇದರಲ್ಲಿ z ಚಿಕ್ಕದು, p ದೊಡ್ಡದು. z ದಾಟಿದ ಮೇಲೆ ಗೇನ್ ಏರತೊಡಗುತ್ತದೆ, p ದಾಟಿದ ಮೇಲೆ ಏರಿಕೆ ನಿಲ್ಲುತ್ತದೆ. ನಡುವೆ ಅದು ಫೇಸ್ ಕೊಡುತ್ತದೆ. ಎಷ್ಟು ಕೊಡುತ್ತದೆ ಎಂಬುದು p/z ಎಂಬ ಅನುಪಾತದ ಮೇಲೆ ನಿಂತಿದೆ. ಅನುಪಾತ n ಆದರೆ ಸಿಗುವ ಅತಿ ಹೆಚ್ಚು ಫೇಸಿನ ಸೈನ್ (n − 1)/(n + 1). n = 4 ಇಟ್ಟರೆ ಸೈನ್ 3/5, ಕೋನ 36.9 ಡಿಗ್ರಿ. ನಮಗೆ ಬೇಕಾದದ್ದು ಹೆಚ್ಚುಕಡಿಮೆ ಅದೇ.

ಈ ಗರಿಷ್ಠ ಫೇಸ್ ಸಿಗುವುದು z ಮತ್ತು p ಗುಣಲಬ್ಧದ ವರ್ಗಮೂಲದಲ್ಲಿ. ಅಲ್ಲಿ ಲೀಡ್ ಗೇನನ್ನು √4 = 2 ಪಟ್ಟು ಎತ್ತುತ್ತದೆ. ಆದ್ದರಿಂದ ಹೊಸ ಕ್ರಾಸ್‌ಓವರ್ ಯಾವುದೆಂದರೆ, ಯಂತ್ರದ ಸ್ವಂತ ಗೇನ್ ಅರ್ಧಕ್ಕೆ ಇಳಿದಿರುವ ಆವರ್ತನ. ಲೆಕ್ಕ ಮಾಡಿದರೆ ω = 4.4. ಅದರ ಅರ್ಧ z = 2.2, ಎರಡರಷ್ಟು p = 8.8. ಲೀಡ್ ಸಿದ್ಧವಾಯಿತು.

C(s) = (1 + s/2.2) / (1 + s/8.8)

ತಾಳೆ ನೋಡೋಣ. 4.4ರಲ್ಲಿ ಯಂತ್ರದ ಸ್ವಂತ ಮಾರ್ಜಿನ್ 12.8 ಡಿಗ್ರಿ. ಲೀಡ್ ಕೊಟ್ಟದ್ದು 36.9. ಒಟ್ಟು 49.7 ಡಿಗ್ರಿ. ಕೆಳ ಆವರ್ತನದಲ್ಲಿ C(s) = 1 ಆದ್ದರಿಂದ ಗೇನ್ 10 ಹಾಗೆಯೇ ಉಳಿಯಿತು, ಉಪಗ್ರಹದಿಂದ ಹಿಂದೆ ಬೀಳುವ ಕೋನ 0.1 ಡಿಗ್ರಿಯೇ. ‘ಒಂದು ಡಿಗ್ರಿ ತಿರುಗು’ ಅಂದರೆ ತಟ್ಟೆ 0.65 ಸೆಕೆಂಡಿಗೆ 1.22 ಡಿಗ್ರಿ ಮುಟ್ಟಿ, ಒಂದೂಕಾಲು ಸೆಕೆಂಡಿಗೆ ಶೇಕಡಾ ಎರಡರ ಒಳಗೆ ಬಂದು ನಿಲ್ಲುತ್ತದೆ. ಎಂಟು ಸೆಕೆಂಡ್ ಎಲ್ಲಿ, ಒಂದೂಕಾಲು ಸೆಕೆಂಡ್ ಎಲ್ಲಿ!

ಇದನ್ನು ಕಟ್ಟಲು ಎರಡು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸಾಕು. 470 ಕಿಲೋಓಮ್ ರೆಸಿಸ್ಟರಿನ ಅಕ್ಕಪಕ್ಕಕ್ಕೆ 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸೇರಿಸಿ, ಅಲ್ಲಿಂದ ಭೂಮಿಗೆ 150 ಕಿಲೋಓಮ್ ಇಳಿಸಿದರೆ z ಸುಮಾರು 2.1, p ಸುಮಾರು 8.8 ಬರುತ್ತದೆ. ಮೂರೂ ಅಂಗಡಿಯಲ್ಲಿ ಸಿಗುವ ಬೆಲೆಯವೇ. ಒಂದು ಮಾತ್ರ ನೆನಪಿರಲಿ: ಈ ಸರ್ಕ್ಯೂಟು ಕೆಳ ಆವರ್ತನವನ್ನು ನಾಲ್ಕನೇ ಒಂದಕ್ಕೆ ತಗ್ಗಿಸುತ್ತದೆ. ಕಳೆದುಕೊಂಡದ್ದನ್ನು ತುಂಬಲು ಮುಂದೆ ನಾಲ್ಕು ಪಟ್ಟಿನ ಆಂಪ್ಲಿಫೈಯರ್ ಇಡದಿದ್ದರೆ ಗೇನ್ 10 ಇರುವ ಜಾಗದಲ್ಲಿ 2.5 ಉಳಿಯುತ್ತದೆ. ಓಲಾಟವಿಲ್ಲದೆ ಸೊಗಸಾಗಿ ತಿರುಗುತ್ತಲೇ ತಟ್ಟೆ ಉಪಗ್ರಹದಿಂದ 0.4 ಡಿಗ್ರಿ ಹಿಂದೆ ಬೀಳುತ್ತಿದೆ ಎಂದಾದರೆ ಮೊದಲು ನೋಡಬೇಕಾದದ್ದು ಈ ಆಂಪ್ಲಿಫೈಯರನ್ನು.

ಇನ್ನು ಲ್ಯಾಗ್. ಇದರ ವಿನ್ಯಾಸ ಹಿಂದುಮುಂದಾಗಿ ನಡೆಯುತ್ತದೆ. ಮೊದಲು ಯಂತ್ರಕ್ಕೆ ತಾನಾಗಿಯೇ ಸಾಕಷ್ಟು ಫೇಸ್ ಮಾರ್ಜಿನ್ ಇರುವ ಆವರ್ತನ ಹುಡುಕಬೇಕು. ನಮಗೆ 50 ಬೇಕು, ಲ್ಯಾಗ್ ಕಳೆಯುವ ತುಸುವಿಗಾಗಿ ಐದು ಸೇರಿಸಿ 55 ಅನ್ನೋಣ. ಅಷ್ಟು ಸಿಗುವುದು ω = 0.7ರಲ್ಲಿ. ಅಲ್ಲಿ ಗೇನ್ 11.7 ಇದೆ. ಕ್ರಾಸ್‌ಓವರ್ ಅಲ್ಲಿ ಬೀಳಬೇಕೆಂದರೆ ಗೇನನ್ನು 11.7 ಪಟ್ಟು ತಗ್ಗಿಸಬೇಕು, ಆದರೆ ಕೆಳ ಆವರ್ತನದಲ್ಲಿ ಮುಟ್ಟಬಾರದು. ರೂಪ ಅದೇ (1 + s/z) / (1 + s/p), ಆದರೆ ಈ ಸಲ p ಚಿಕ್ಕದು. z ಅನ್ನು ಕ್ರಾಸ್‌ಓವರಿನ ಹತ್ತನೇ ಒಂದರಷ್ಟು ದೂರ ಇಡುವುದು ವಾಡಿಕೆ: 0.07. ಅದನ್ನು 11.7ರಿಂದ ಭಾಗಿಸಿದರೆ p = 0.006.

C(s) = (1 + s/0.07) / (1 + s/0.006)

0.7ರಲ್ಲಿ ಇದು ಕಳೆಯುವ ಫೇಸ್ 5.2 ಡಿಗ್ರಿ. ಉಳಿದ ಮಾರ್ಜಿನ್ 49.8. ಕೆಳ ಆವರ್ತನದ ಗೇನ್ 10. ಕಾಗದದ ಮೇಲೆ ಲೀಡಿಗೂ ಲ್ಯಾಗಿಗೂ ಅಂಕ ಸಮ!

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ಮೊದಲು ಗೇನನ್ನು 0.855ಕ್ಕೆ ಇಳಿಸಿ ಓಲಾಟ ನಿಲ್ಲಿಸಿದ್ದೆವು, ಆದರೆ ಉಪಗ್ರಹ ಕೈತಪ್ಪಿತ್ತು. ಆ ವ್ಯವಸ್ಥೆಗೆ ಲ್ಯಾಗ್ ಹಾಕುವುದೆಂದರೆ ಕೆಳ ಆವರ್ತನದ ಗೇನನ್ನು ಮಾತ್ರ 11.7 ಪಟ್ಟು ಎತ್ತಿ ಮತ್ತೆ 10ಕ್ಕೆ ತರುವುದು, ಕ್ರಾಸ್‌ಓವರಿನ ಹತ್ತಿರ ಏನೂ ಮುಟ್ಟದಿರುವುದು. ಒಂದು ಪುಸ್ತಕ ಲ್ಯಾಗ್ ಫೇಸ್ ಮಾರ್ಜಿನ್ ಹೆಚ್ಚಿಸುತ್ತದೆ ಅನ್ನುತ್ತದೆ, ಇನ್ನೊಂದು ಕೆಳ ಆವರ್ತನದ ಗೇನ್ ಹೆಚ್ಚಿಸುತ್ತದೆ ಅನ್ನುತ್ತದೆ. ಹೊರಟ ಜಾಗ ಬೇರೆ, ತಲುಪಿದ ಜಾಗ ಒಂದೇ.

ಅಂಕ ಸಮವಾದರೂ ನಡೆ ಸಮವಲ್ಲ. ಲ್ಯಾಗ್ ಹಾಕಿದ ತಟ್ಟೆಗೂ ‘ಒಂದು ಡಿಗ್ರಿ ತಿರುಗು’ ಅಂದರೆ ಅದೂ 1.22 ಡಿಗ್ರಿ ಮುಟ್ಟುತ್ತದೆ, ಆದರೆ ಅದಕ್ಕೆ ನಾಲ್ಕು ಸೆಕೆಂಡ್ ಬೇಕು. ಆಮೇಲೆ ಇನ್ನೊಂದು ವಿಚಿತ್ರ ಕಾಣುತ್ತದೆ. ಓಲಾಟ ನಿಂತ ಮೇಲೂ ತಟ್ಟೆ ಗುರಿಗಿಂತ ತುಸು ಮುಂದೆಯೇ ಉಳಿದು, ತೆವಳುತ್ತಾ ವಾಪಸು ಬರುತ್ತದೆ. ಶೇಕಡಾ ಎರಡರ ಒಳಗೆ ಬರಲು ಸುಮಾರು ಇಪ್ಪತ್ತು ಸೆಕೆಂಡ್. ಗ್ರಾಫಿನಲ್ಲಿ ಇಂಥ ಉದ್ದನೆಯ ಬಾಲ ಕಂಡರೆ ಅದು ಲ್ಯಾಗಿನ ಗುರುತು. z ಅನ್ನು 0.07ರಲ್ಲಿ ಇಟ್ಟದ್ದರಿಂದ ವ್ಯವಸ್ಥೆಯೊಳಗೆ ಅದರ ಪಕ್ಕದಲ್ಲೇ, 0.076ರಲ್ಲಿ, ಒಂದು ನಿಧಾನದ ಸ್ವಭಾವ ಹುಟ್ಟಿಕೊಂಡಿದೆ. ಅದರ ಕಾಲಮಾನ ಹದಿಮೂರು ಸೆಕೆಂಡ್. ಫೇಸ್ ಮಾರ್ಜಿನ್ ಎಂಬ ಒಂದೇ ಸಂಖ್ಯೆ ನೋಡಿ ವಿನ್ಯಾಸ ಒಪ್ಪಿಕೊಳ್ಳುವವರಿಗೆ ಈ ಬಾಲ ಕಾಣುವುದೇ ಇಲ್ಲ.

ಉಪಗ್ರಹದ ಬೆನ್ನುಹತ್ತುವಾಗ ಬಾಲದ ಬೆಲೆ ಇನ್ನೂ ಜಾಸ್ತಿ. ಸೆಕೆಂಡಿಗೆ ಒಂದು ಡಿಗ್ರಿಯ ಓಟ ಒಮ್ಮೆಲೇ ಶುರುವಾದರೆ ತಟ್ಟೆ ಮೊದಲು ಸುಮಾರು 1.4 ಡಿಗ್ರಿಯಷ್ಟು ಹಿಂದೆ ಬೀಳುತ್ತದೆ. ಅದು 0.4 ಡಿಗ್ರಿಗೆ ಇಳಿಯಲು ಹದಿನೆಂಟು ಸೆಕೆಂಡ್ ಹಿಡಿಯುತ್ತದೆ, ನಿಗದಿಯ 0.1ರ ಹತ್ತಿರ ಬರಲು ಒಂದು ನಿಮಿಷ. ನಿಜದಲ್ಲಿ ಉಪಗ್ರಹ ದಿಗಂತದಲ್ಲಿ ನಿಧಾನವಾಗಿ ಕಾಣಿಸಿಕೊಂಡು ಮೆಲ್ಲಗೆ ವೇಗ ಪಡೆಯುವುದರಿಂದ ಪೆಟ್ಟು ಇಷ್ಟು ಜೋರಾಗಿರುವುದಿಲ್ಲ. ಆದರೂ ಲೀಡ್ ಹಾಕಿದ ತಟ್ಟೆ ಇದೇ ಕೆಲಸವನ್ನು ಒಂದೆರಡು ಸೆಕೆಂಡಿನಲ್ಲಿ ಮುಗಿಸುತ್ತದೆ.

ಹಾಗಾದರೆ ಲೀಡ್ ಹಾಕಿ ಮುಗಿಸೋಣವೇ? ತರಗತಿಯ ಕಪ್ಪುಹಲಗೆಯ ಮೇಲೆ ಹೌದು. ಉಕ್ಕಿನ ತಟ್ಟೆಯ ಮುಂದೆ ನಿಂತಾಗ ಅಷ್ಟು ಸುಲಭವಿಲ್ಲ.

ನಾವು ಬರೆದ ಸರಳ ಸೂತ್ರ ತಟ್ಟೆಯನ್ನು ಬಗ್ಗದ ವಸ್ತು ಎಂದು ಭಾವಿಸಿತ್ತು. ನಿಜವಾದ ತಟ್ಟೆ ಬಗ್ಗುತ್ತದೆ. ಕಂಬ, ಗೇರ್‌ಪೆಟ್ಟಿಗೆ, ತಟ್ಟೆಯ ಬೆನ್ನೆಲುಬಿನ ಉಕ್ಕು ಎಲ್ಲವೂ ಸೇರಿ ಒಂದು ಸ್ಪ್ರಿಂಗಿನಂತೆ, ತಮ್ಮದೇ ಆವರ್ತನದಲ್ಲಿ ಕಂಪಿಸುತ್ತವೆ. ದೊಡ್ಡ ಆಂಟೆನಾಗಳಲ್ಲಿ ಇದು ಸೆಕೆಂಡಿಗೆ ಕೆಲವೇ ಕಂಪನಗಳಷ್ಟು ಕೆಳಗಿರುತ್ತದೆ. ನಮ್ಮ ತಟ್ಟೆಗೆ ಸೆಕೆಂಡಿಗೆ ಮೂರು ಎಂದಿಟ್ಟುಕೊಳ್ಳೋಣ, ಅಂದರೆ ω ಸುಮಾರು 19. ಉಕ್ಕಿನ ಚೌಕಟ್ಟಿಗೆ ತನ್ನ ಕಂಪನವನ್ನು ತಾನೇ ತಗ್ಗಿಸಿಕೊಳ್ಳುವ ಶಕ್ತಿ ಬಹಳ ಕಡಿಮೆ. ಡ್ಯಾಂಪಿಂಗ್ ಶೇಕಡಾ ಎರಡು ಎಂದು ಹಿಡಿದರೆ ಆ ಆವರ್ತನದಲ್ಲಿ ಗೇನ್ ಇದ್ದಕ್ಕಿದ್ದಂತೆ 25 ಪಟ್ಟು ಜಿಗಿಯುತ್ತದೆ.

ಈಗ ಲೆಕ್ಕ ನೋಡಿ. 19ರಲ್ಲಿ ಯಂತ್ರದ ಸ್ವಂತ ಗೇನ್ 0.028. ಲೀಡ್ ಅದನ್ನು 3.65 ಪಟ್ಟು ಎತ್ತುತ್ತದೆ, 0.1 ಆಗುತ್ತದೆ. ಅನುರಣನ ಅದನ್ನು 25 ಪಟ್ಟು ಮಾಡಿದರೆ 2.5. ಇಲ್ಲಿ ಗೇನ್ ಮತ್ತೆ ಒಂದನ್ನು ದಾಟಿತು. ಅನುರಣನದ ಆಸುಪಾಸಿನ ಕಿರಿದಾದ ಪಟ್ಟಿಯಲ್ಲಿ ಫೇಸ್ 180 ಡಿಗ್ರಿ ತಿರುಗಿಬಿಡುವುದರಿಂದ ಸ್ಥಿರತೆ ಉಳಿಯುವುದೋ ಇಲ್ಲವೋ ಎಂಬುದು ಕೂದಲೆಳೆಯ ಮೇಲೆ ನಿಲ್ಲುತ್ತದೆ. ತಟ್ಟೆ ಯಾವ ಕೋನದಲ್ಲಿ ವಾಲಿದೆ, ಬೋಲ್ಟುಗಳು ಎಷ್ಟು ಬಿಗಿಯಾಗಿವೆ ಎಂಬುದರಿಂದ ಈ ಆವರ್ತನ ತುಸು ಆಚೀಚೆ ಆಗುತ್ತಲೇ ಇರುತ್ತದೆ. ಹಾಗಾಗಿ ಅನುರಣನದ ಶಿಖರ ಒಂದಕ್ಕಿಂತ ಕೆಳಗೇ ಇರಲಿ ಎಂದು ವಿನ್ಯಾಸಕಾರರು ಹಟ ಹಿಡಿಯುತ್ತಾರೆ. ಲೀಡ್ ಇಲ್ಲಿ ಸೋಲುತ್ತದೆ. ಸೋತದ್ದು ಕಾಣುವುದು ಹೀಗೆ: ದೊಡ್ಡ ಓಲಾಟ ಇರುವುದಿಲ್ಲ, ಗುರಿ ಮುಟ್ಟುವ ವೇಗವೂ ಚೆನ್ನಾಗಿರುತ್ತದೆ, ಆದರೆ ತಟ್ಟೆಯ ಅಂಚು ಸೆಕೆಂಡಿಗೆ ಮೂರು ಸಲ ನಡುಗುತ್ತದೆ, ಮೋಟರಿನ ಕರೆಂಟಿನಲ್ಲಿ ಅದೇ ಆವರ್ತನದ ಅಲೆ ಏಳುತ್ತದೆ, ಗೇರ್‌ಪೆಟ್ಟಿಗೆ ಗೊರಗುಟ್ಟುತ್ತದೆ.

ಲೀಡಿಗೆ ಇನ್ನೂ ಒಂದು ಶತ್ರು ಇದೆ, ಕಾಲವಿಳಂಬ. ಕೋನ ಅಳೆದು, ಕಂಪ್ಯೂಟರ್ ಲೆಕ್ಕ ಹಾಕಿ, ಮೋಟರಿಗೆ ಆದೇಶ ಹೋಗುವಷ್ಟರಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಕಳೆಯಿತು ಅನ್ನಿ. 4.4ರ ಕ್ರಾಸ್‌ಓವರಿನಲ್ಲಿ ಅದು 12.6 ಡಿಗ್ರಿ ಫೇಸ್ ತಿನ್ನುತ್ತದೆ, ಐವತ್ತು ಇದ್ದದ್ದು ಮೂವತ್ತೇಳಕ್ಕೆ ಇಳಿಯುತ್ತದೆ. 0.7ರಲ್ಲಿ ತಿನ್ನುವುದು ಎರಡು ಡಿಗ್ರಿ ಮಾತ್ರ. ಲ್ಯಾಗಿನ ಸೋಮಾರಿತನವೇ ಇಲ್ಲಿ ಅದರ ರಕ್ಷೆ. ಅನುರಣನದಲ್ಲೂ ಅಷ್ಟೆ: ಅದು ಮೇಲಿನ ಆವರ್ತನಗಳನ್ನು 11.7 ಪಟ್ಟು ತಗ್ಗಿಸಿರುವುದರಿಂದ 25 ಪಟ್ಟು ಜಿಗಿದ ಶಿಖರವೂ 0.06ಕ್ಕೆ ಮೇಲೇರುವುದಿಲ್ಲ.

ಲ್ಯಾಗನ್ನು ಕಟ್ಟುವ ಕಷ್ಟ ಬೇರೆ ಬಗೆಯದು. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಿದರೂ ಹದಿನೈದು ಮೆಗಾಓಮಿನ ರೆಸಿಸ್ಟರ್ ಬೇಕಾಗುತ್ತದೆ. ಅಷ್ಟು ದೊಡ್ಡ ರೆಸಿಸ್ಟರಿನ ಮುಂದೆ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಸೋರಿಕೆಯೇ ಸಂಕೇತವನ್ನು ನುಂಗಿಬಿಡುತ್ತದೆ. ಕಂಪ್ಯೂಟರಿನಲ್ಲಿ ಬರೆದರೆ ಸೋರಿಕೆ ಇಲ್ಲ, ಆದರೆ ಸೆಕೆಂಡಿಗೆ ನೂರು ಸಲ ಲೆಕ್ಕ ಹಾಕುವಾಗ p = 0.006 ಎಂಬುದು 0.99994 ಎಂಬ ಗುಣಕವಾಗಿ ಬರುತ್ತದೆ. ಕಡಿಮೆ ಅಂಕಿಗಳಲ್ಲಿ ಲೆಕ್ಕ ಹಾಕುವ ಅಗ್ಗದ ಕಂಟ್ರೋಲರ್ ಅದನ್ನು 1 ಎಂದು ಸರಿಗಟ್ಟಿದರೆ ಲ್ಯಾಗ್ ಇಂಟಿಗ್ರೇಟರ್ ಆಗಿಬಿಡುತ್ತದೆ, ಆಫ್‌ಸೆಟ್ ಅಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ.

ಹೀಗೆ ಒಂದು ವೇಗದ್ದು, ನಡುಗಿಸುತ್ತದೆ. ಇನ್ನೊಂದು ನೆಮ್ಮದಿಯದು, ಬಾಲ ಬಿಡುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಬಳಸಿದರೆ? ಕ್ರಾಸ್‌ಓವರನ್ನು 4.4ಕ್ಕೂ 0.7ಕ್ಕೂ ನಡುವೆ, 2ರಲ್ಲಿ ಇಡೋಣ. ಅಲ್ಲಿ ಯಂತ್ರದ ಸ್ವಂತ ಮಾರ್ಜಿನ್ 26.6. ಅನುಪಾತ ಮೂರರ ಲೀಡ್ ಅಲ್ಲಿ 30 ಡಿಗ್ರಿ ಕೊಡುತ್ತದೆ. ಲೀಡ್ ಎತ್ತಿದ್ದನ್ನೂ ಸೇರಿಸಿ ಅಲ್ಲಿ ಗೇನ್ 3.87 ಆಗುವುದರಿಂದ ಅಷ್ಟು ತಗ್ಗಿಸುವ ಲ್ಯಾಗ್ ಸಾಕು, z ಅನ್ನು 0.2ರಲ್ಲಿ ಇಡಬಹುದು. ಲ್ಯಾಗ್ ನಾಲ್ಕು ಡಿಗ್ರಿ ಕಳೆದ ಮೇಲೂ ಮಾರ್ಜಿನ್ 52. ಬಾಲದ ಕಾಲಮಾನ ಹದಿಮೂರು ಸೆಕೆಂಡಿನಿಂದ ಸುಮಾರು ಐದಕ್ಕೆ ಇಳಿಯುತ್ತದೆ. ಒಮ್ಮೆಲೇ ಓಟ ಶುರುವಾದರೂ ತಟ್ಟೆ ಹಿಂದೆ ಬೀಳುವುದು 0.4 ಡಿಗ್ರಿಯ ಆಸುಪಾಸಿಗೆ ನಿಂತು, ಅಲ್ಲಿಂದ 0.1ಕ್ಕೆ ಇಳಿಯುತ್ತದೆ. ಅನುರಣನದ ಶಿಖರ 0.53, ಒಂದರ ಅರ್ಧ.

ನನ್ನ ತೀರ್ಪು ಈ ಮೂರನೆಯದರ ಕಡೆಗೆ. ಬಗ್ಗುವ ಚೌಕಟ್ಟಿಲ್ಲದ, ಅಂಗೈಯಗಲದ ಮೋಟರಿಗಾದರೆ ಲೀಡ್ ಒಂದೇ ಸಾಕು. ಉಷ್ಣತೆ ಕಾಯುವ ಕುಲುಮೆಗೆ ಲ್ಯಾಗಿನ ಬಾಲದಿಂದ ತೊಂದರೆ ಇಲ್ಲ. ಆದರೆ ತಿರುಗುವ ಉಕ್ಕಿಗೆ ಕಾಂಪೆನ್ಸೇಟರ್ ಬರೆಯಲು ಕುಳಿತವರು ಮೊದಲು ಮೋಟರಿಗೆ ಸಣ್ಣ ಸೈನ್ ಅಲೆ ಕೊಟ್ಟು, ಆವರ್ತನವನ್ನು ಮೆಲ್ಲಗೆ ಏರಿಸುತ್ತಾ ತಟ್ಟೆ ಎಲ್ಲಿ ಜಿಗಿಯುತ್ತದೆ ಎಂದು ಅಳೆದುಕೊಳ್ಳಬೇಕು. ಆ ಒಂದು ಅಂಕಿ ಕೈಯಲ್ಲಿಲ್ಲದೆ z, p ಆರಿಸಬೇಡಿ.